ಕೈ ನಡುಗಿದರೆ ಚಿಂತೆಯಿಲ್ಲ, ಕಾಲು ನಡೆದರೆ ಕಷ್ಟ

ಹಳೆಯ ತೊಟ್ಟಿಮನೆಯೊಂದರ ಜಗಲಿಯುದ್ದಕ್ಕೂ ಮೊಬೈಲ್ ಹಿಡಿದು ನಡೆಯುತ್ತಾ ತೆಗೆದ 20 ಸೆಕೆಂಡಿನ ವಿಡಿಯೊ ಇದೆ ಎಂದುಕೊಳ್ಳಿ. ಎಡಕ್ಕೆ ಕೈಗೆಟುಕುವಷ್ಟು ಹತ್ತಿರದಲ್ಲಿ ಮರದ ಕಂಬಗಳ ಸಾಲು, ಅದರಾಚೆ ಬಿಸಿಲು ಬಿದ್ದ ತೊಟ್ಟಿ, ಇನ್ನೂ ಆಚೆಗೆ ಎದುರು ಜಗಲಿಯ ಗೋಡೆ. ಕೊನೆಯಲ್ಲಿ ಎತ್ತರದ ಹೊಸ್ತಿಲು ದಾಟಿ ನಡುಮನೆಯೊಳಗೆ ಹೋದಲ್ಲಿಗೆ ದೃಶ್ಯ ಮುಗಿಯುತ್ತದೆ. ಮನೆ ಮಾರುವ ಮುಂಚೆ ನೆನಪಿಗಿರಲೆಂದು ತೆಗೆದದ್ದು. ಆದರೆ ಟಿವಿಗೆ ಹಾಕಿ ನೋಡಿದರೆ ತಲೆ ಸುತ್ತುತ್ತದೆ, ಅಷ್ಟು ಅಲುಗಾಟ. ಎಡಿಟಿಂಗ್ ಸಾಫ್ಟ್‌ವೇರಿಗೆ ಹಾಕಿ ‘ಸ್ಟೆಬಿಲೈಸ್’ ಒತ್ತಿದ ಮೇಲೆ ಅಲುಗಾಟವೇನೋ ನಿಲ್ಲುತ್ತದೆ. ಜೊತೆಗೆ ಚಿತ್ರದ ಸುತ್ತಲಿನ ಒಂದಿಷ್ಟು ಭಾಗ ಮಾಯವಾಗಿರುತ್ತದೆ, ನೆಟ್ಟಗಿದ್ದ ಕಂಬಗಳು ಬಳುಕತೊಡಗಿರುತ್ತವೆ. ಈ ಎರಡು ತೊಂದರೆಗಳ ಮೂಲ ಬೇರೆ ಬೇರೆ, ಪರಿಹಾರವೂ ಬೇರೆ ಬೇರೆ.

ಸಾಫ್ಟ್‌ವೇರ್ ಮಾಡುವುದಿಷ್ಟು. ಮೊದಲ ಫ್ರೇಮಿನಲ್ಲಿ ಎದ್ದು ಕಾಣುವ ನೂರಾರು ಚುಕ್ಕೆಗಳನ್ನು ಅದು ಗುರುತಿಸಿಕೊಳ್ಳುತ್ತದೆ: ಕಂಬದ ಕೆತ್ತನೆಯ ಮೂಲೆ, ಹೆಂಚಿನ ಅಂಚು, ಗೋಡೆಯ ಮೊಳೆ. ಮುಂದಿನ ಫ್ರೇಮಿನಲ್ಲಿ ಅವು ಎಷ್ಟು ಸರಿದವು ಎಂದು ನೋಡಿ ಕ್ಯಾಮೆರಾ ಹೇಗೆ ಅಲುಗಿತೆಂದು ಊಹಿಸುತ್ತದೆ. ಸೆಕೆಂಡಿಗೆ 30ರಂತೆ ನಮ್ಮ ವಿಡಿಯೊದಲ್ಲಿ 600 ಫ್ರೇಮುಗಳಿವೆ. ಅಷ್ಟನ್ನೂ ನೋಡಿದ ಮೇಲೆ ಕ್ಯಾಮೆರಾ ನಡೆದ ಅಂಕುಡೊಂಕು ದಾರಿ ಅದಕ್ಕೆ ಸಿಗುತ್ತದೆ. ಆ ದಾರಿಯನ್ನು ನಯಗೊಳಿಸಿ, ಪ್ರತಿ ಫ್ರೇಮನ್ನೂ ಅದು ದಾರಿ ತಪ್ಪಿದಷ್ಟೇ ಹಿಂದಕ್ಕೆ ಸರಿಸುತ್ತದೆ. ಫ್ರೇಮನ್ನು 40 ಪಿಕ್ಸೆಲ್ ಬಲಕ್ಕೆ ಸರಿಸಿದರೆ ಎಡಗಡೆ 40 ಪಿಕ್ಸೆಲ್ ಅಗಲದ ಕಪ್ಪು ಪಟ್ಟಿ ಉಳಿಯುತ್ತದೆ. ಅದನ್ನು ಮುಚ್ಚಲು ಇರುವ ಸುಲಭದ ದಾರಿ ಇಡೀ ಚಿತ್ರವನ್ನು ಹಿಗ್ಗಿಸುವುದು. ಅಂಚು ಕಳೆದುಹೋಗುವುದು ಹೀಗೆ.

ಎಷ್ಟು ಹೋಗುತ್ತದೆ ಎಂಬುದನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ನಮ್ಮ ವಿಡಿಯೊ 1920 ಪಿಕ್ಸೆಲ್ ಅಗಲ, 1080 ಪಿಕ್ಸೆಲ್ ಎತ್ತರ. ಜಗಲಿಯ ಮೇಲೆ ನಡೆಯುವಾಗ ಚಿತ್ರ ಅಕ್ಕಪಕ್ಕಕ್ಕೆ 40, ಮೇಲೆ ಕೆಳಗೆ 30 ಪಿಕ್ಸೆಲ್ ಅಲುಗಿತೆನ್ನಿ. ಎತ್ತರದಲ್ಲಿ ಎರಡೂ ಬದಿ ಸೇರಿ 60 ಪಿಕ್ಸೆಲ್ ಬಿಡಬೇಕು. 1080ನ್ನು 1020ರಿಂದ ಭಾಗಿಸಿದರೆ ಸುಮಾರು 1.06. ಅಂದರೆ ಚಿತ್ರವನ್ನು ಶೇ 106ಕ್ಕೆ ಹಿಗ್ಗಿಸಿದರೆ ಸಾಕು, ಯಾರ ಕಣ್ಣಿಗೂ ಬೀಳದು. ಆದರೆ ಹೊಸ್ತಿಲು ದಾಟುವಾಗ ಅರ್ಧ ಸೆಕೆಂಡು ಕ್ಯಾಮೆರಾ ಧಡಕ್ಕನೆ ಕುಸಿದು ಚಿತ್ರ 110 ಪಿಕ್ಸೆಲ್ ಜಾರಿದೆ. ಆ ಜಾಗದಲ್ಲಿ ಬೇಕಾದದ್ದು 1080 ಭಾಗಿಸು 860, ಸುಮಾರು ಶೇ 126. ಹಿಗ್ಗಿಸುವ ಪ್ರಮಾಣ ಸಾಮಾನ್ಯವಾಗಿ ಇಡೀ ತುಣುಕಿಗೆ ಒಂದೇ ಆಗಿರುವುದರಿಂದ ಆ ಅರ್ಧ ಸೆಕೆಂಡಿನ ದಂಡವನ್ನು 20 ಸೆಕೆಂಡೂ ಕಟ್ಟಬೇಕಾಗುತ್ತದೆ. ಶೇ 106ರಲ್ಲಿ ಚಿತ್ರದ ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಹೋಗುತ್ತಿತ್ತು. ಶೇ 126ರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಹೋಗುತ್ತದೆ. ಮಾಡಿನ ತೊಲೆಗಳೂ ತೊಟ್ಟಿಯ ತಳವೂ ಕಾಣುವುದಿಲ್ಲ.

ಓರೆಯಾಗುವುದು ಇನ್ನೂ ದುಬಾರಿ. ಫೋನು ಬರೀ 2 ಡಿಗ್ರಿ ವಾಲಿದರೂ, ಅದನ್ನು ನೆಟ್ಟಗೆ ಮಾಡಿದಾಗ ಮೂಲೆಗಳಲ್ಲಿ ಉಳಿಯುವ ಕಪ್ಪು ತ್ರಿಕೋನಗಳನ್ನು ಮುಚ್ಚಲೆಂದೇ ಶೇ 6ರಷ್ಟು ಹಿಗ್ಗಿಸಬೇಕು.

ಆದ್ದರಿಂದ ಮೊದಲ ಕೆಲಸ ಹೊಸ್ತಿಲಿನ ಆ ಅರ್ಧ ಸೆಕೆಂಡನ್ನು ಬೇರೆ ಮಾಡುವುದು. ಧಕ್ಕೆಯ ಮುಂಚೆ ಒಂದು ಕಟ್, ಆಮೇಲೆ ಇನ್ನೊಂದು. ಜಗಲಿಯ ಭಾಗವನ್ನಷ್ಟೇ ಮತ್ತೆ ಅನಲೈಸ್ ಮಾಡಿಸಿದರೆ ಅದು ಶೇ 106ರಲ್ಲೇ ನಿಲ್ಲುತ್ತದೆ. ಧಕ್ಕೆಯ ತುಣುಕಿಗೆ ಸ್ಟೆಬಿಲೈಸೇಶನ್ ಬೇಡವೇ ಬೇಡ. ಕಟ್ಟಿನ ಜಾಗದಲ್ಲಿ ಚಿತ್ರ ಜಿಗಿಯದಂತೆ ಅದನ್ನೂ ಕೈಯಾರೆ ಶೇ 106ಕ್ಕೆ ಹಿಗ್ಗಿಸಿ ಬಿಟ್ಟುಬಿಡಿ. ಮನುಷ್ಯ ಹೊಸ್ತಿಲು ದಾಟಿದಾಗ ಒಂದು ಕುಲುಕು ಬಂದರೆ ನೋಡುವವರಿಗೆ ಸಹಜವೆನಿಸುತ್ತದೆ. ಕೆಲವು ಸಾಫ್ಟ್‌ವೇರುಗಳಲ್ಲಿ ಹಿಗ್ಗಿಸುವ ಪ್ರಮಾಣ ಅಲುಗಾಟಕ್ಕೆ ತಕ್ಕಂತೆ ಏರಿಳಿಯುವ ಆಯ್ಕೆಯೂ ಇದೆ. ಅದನ್ನು ಬಳಸಿದರೆ ಚಿತ್ರ ನಿಧಾನವಾಗಿ ಹತ್ತಿರ ಬಂದು ದೂರ ಹೋಗುತ್ತಿರುತ್ತದೆ, ಉಸಿರಾಡಿದ ಹಾಗೆ. ನನಗಂತೂ ಅದು ಮೂಲ ಅಲುಗಾಟಕ್ಕಿಂತ ಹೆಚ್ಚು ಕಿರಿಕಿರಿ.

ಇನ್ನು ಬಳುಕುವ ಕಂಬಗಳ ವಿಷಯ. ಕ್ಯಾಮೆರಾ ಎರಡು ಬಗೆಯಲ್ಲಿ ಅಲುಗುತ್ತದೆ. ಒಂದು, ಇದ್ದಲ್ಲೇ ತಿರುಗುವುದು: ಮಣಿಕಟ್ಟು ನಡುಗಿದಾಗ ಆಗುವುದು ಮುಖ್ಯವಾಗಿ ಇದೇ. ಇನ್ನೊಂದು, ಜಾಗ ಬಿಟ್ಟು ಸರಿಯುವುದು: ಹೆಜ್ಜೆ ಹಾಕುವಾಗ ಇಡೀ ದೇಹ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಹೋಗುತ್ತದಲ್ಲ, ಅದು. ಮೊಬೈಲಿನ ಸಾಮಾನ್ಯ ಲೆನ್ಸಿನಲ್ಲಿ ಕ್ಯಾಮೆರಾ 1 ಡಿಗ್ರಿ ತಿರುಗಿದರೆ ಚಿತ್ರದಲ್ಲಿರುವುದೆಲ್ಲ ಸುಮಾರು 24 ಪಿಕ್ಸೆಲ್ ಸರಿಯುತ್ತದೆ. ಹತ್ತಿರದ ಕಂಬವೂ ಅಷ್ಟೇ, ದೂರದ ಗೋಡೆಯೂ ಅಷ್ಟೇ. ಇಡೀ ಫ್ರೇಮನ್ನು 24 ಪಿಕ್ಸೆಲ್ ಹಿಂದಕ್ಕೆ ತಳ್ಳಿದರೆ ಎಲ್ಲವೂ ತಮ್ಮ ಜಾಗಕ್ಕೆ ಬರುತ್ತವೆ.

ಅದೇ ಕ್ಯಾಮೆರಾ 3 ಸೆಂಟಿಮೀಟರ್ ಪಕ್ಕಕ್ಕೆ ಸರಿದರೆ? ಒಂದು ಮೀಟರ್ ದೂರದ ಕಂಬ ಸುಮಾರು 41 ಪಿಕ್ಸೆಲ್ ಜರುಗುತ್ತದೆ, ಎಂಟು ಮೀಟರ್ ದೂರದ ಗೋಡೆ ಬರೀ 5. ಈಗ ಫ್ರೇಮನ್ನು ಎಷ್ಟು ತಳ್ಳಬೇಕು? ಕಂಬದ ಲೆಕ್ಕ ಹಿಡಿದು 41 ಎಂದರೆ ಗೋಡೆ ಅಲ್ಲಾಡುತ್ತದೆ, ಗೋಡೆಯ ಲೆಕ್ಕ ಹಿಡಿದು 5 ಎಂದರೆ ಕಂಬ ಅಲ್ಲಾಡುತ್ತದೆ. ಎರಡಕ್ಕೂ ಒಪ್ಪುವ ಒಂದು ಅಂಕಿ ಇಲ್ಲವೇ ಇಲ್ಲ. ಸಾಲದ್ದಕ್ಕೆ, 3 ಸೆಂಟಿಮೀಟರ್ ಪಕ್ಕದಿಂದ ನೋಡಿದರೆ ಕಂಬದ ಹಿಂದೆ ಅಡಗಿದ್ದ ಗೋಡೆಯ ತುಣುಕು ಕಾಣಬೇಕು. ಆ ತುಣುಕು ಆ ಫ್ರೇಮಿನಲ್ಲಿ ಸೆರೆಯಾಗಿಯೇ ಇಲ್ಲ.

ಅಡೋಬಿಯ Warp Stabilizer ಈ ಇಕ್ಕಟ್ಟಿಗೆ ಒಂದು ರಾಜಿ ಸೂತ್ರ ಹುಡುಕುತ್ತದೆ. ಅದರಲ್ಲಿ ತಾನಾಗಿ ಆಯ್ಕೆಯಾಗಿರುವ ವಿಧಾನದ ಹೆಸರು Subspace Warp. ಅದು ಫ್ರೇಮಿನ ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ, ರಬ್ಬರ್ ಹಾಳೆಯಂತೆ ಎಳೆದು ಕೂರಿಸುತ್ತದೆ. ದೂರದ ಬೆಟ್ಟ, ಮರಗಿಡ, ಜನಜಂಗುಳಿ ಇರುವ ದೃಶ್ಯದಲ್ಲಿ ಈ ಎಳೆದಾಟ ಗೊತ್ತೇ ಆಗುವುದಿಲ್ಲ, ಕೆಲಸವೂ ಚೆನ್ನಾಗಿರುತ್ತದೆ. ಆದರೆ ಕಂಬದ ಗೆರೆ ನೆಟ್ಟಗಿರಬೇಕೆಂದು ಎಲ್ಲರಿಗೂ ಗೊತ್ತು. 41ಕ್ಕೂ 5ಕ್ಕೂ ನಡುವೆ ಹಾಳೆ ಎಳೆದಾಗ ಆ ಗೆರೆ ಬಾಗುತ್ತದೆ, ಮುಂದಿನ ಹೆಜ್ಜೆಗೆ ಇನ್ನೊಂದು ಕಡೆ ಬಾಗುತ್ತದೆ. ಹತ್ತಿರದ ಮುಖಗಳಿಗೂ ಇದೇ ಗತಿ: ಒಂದು ಕೆನ್ನೆ ಅಗಲವಾಗಿ ಮತ್ತೆ ಕುಗ್ಗುತ್ತದೆ.

ಇದನ್ನು ಪತ್ತೆ ಮಾಡಲು ವಿಡಿಯೊದ ನಡುಭಾಗ ನೋಡಬೇಡಿ, ಅಲ್ಲಿ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಒಂದು ಸ್ಕೇಲನ್ನು ಪರದೆಯ ಮೇಲೆ ಅಂಚಿನ ಕಡೆಯ ಕಂಬಕ್ಕೆ ತಾಗಿಸಿ ಹಿಡಿದು ವಿಡಿಯೊವನ್ನು ನಿಧಾನವಾಗಿ ಓಡಿಸಿ. ಕಂಬ ಸ್ಕೇಲಿನಿಂದ ಪೂರ್ತಿಯಾಗಿ ದೂರ ಸರಿದರೆ ಅದು ಬರೀ ಉಳಿದ ಅಲುಗಾಟ. ತುದಿಗಳು ತಾಗಿದ್ದು ನಡುವೆ ಬೆಳಕಿಂಡಿ ಬಿಟ್ಟರೆ ಚಿತ್ರ ಬಾಗುತ್ತಿದೆ ಎಂದರ್ಥ. ಆಗ Subspace Warp ಬಿಟ್ಟು Position, Scale, Rotation ಆಯ್ಕೆ ಮಾಡಿ. ಈ ವಿಧಾನ ಫ್ರೇಮನ್ನು ಸರಿಸಬಲ್ಲದು, ತಿರುಗಿಸಬಲ್ಲದು, ಹಿಗ್ಗಿಸಬಲ್ಲದು, ಬಾಗಿಸಲಾರದು. ಜೊತೆಗೆ Smoothness ತಾನಾಗಿ ಶೇ 50ರಲ್ಲಿರುತ್ತದೆ, ಅದನ್ನು 10–15ಕ್ಕೆ ಇಳಿಸಿ. ಕಂಬಗಳು ನೆಟ್ಟಗಾಗುತ್ತವೆ, ನಡಿಗೆಯ ಸಣ್ಣ ತೂಗಾಟ ಉಳಿಯುತ್ತದೆ, ಅಂಚೂ ಕಡಿಮೆ ಹೋಗುತ್ತದೆ. ಡಾವಿಂಚಿ ರಿಸಾಲ್ವ್ ಬಳಸುವವರು Perspective ಬದಲು Similarity ಆರಿಸಿಕೊಳ್ಳಬಹುದು. ತೂಗುವ ಕಂಬವನ್ನು ಕಣ್ಣು ಕ್ಷಮಿಸುತ್ತದೆ, ಬಾಗುವ ಕಂಬವನ್ನು ಕ್ಷಮಿಸುವುದಿಲ್ಲ ಎಂಬುದು ನನ್ನ ಅನುಭವ.

ಗಿಂಬಲ್ ಕೊಂಡವರು ‘ಇಷ್ಟು ದುಡ್ಡು ಕೊಟ್ಟರೂ ನಡೆಯುವಾಗ ಕುಣಿಯುತ್ತದಲ್ಲ’ ಎಂದು ಗೊಣಗುವುದಕ್ಕೂ ಕಾರಣ ಇದೇ. ಗಿಂಬಲ್ಲಿನ ಮೂರು ಮೋಟರುಗಳು ತಿರುಗುವ ಅಲುಗಾಟವನ್ನು ತಡೆಯುತ್ತವೆ, ಜಾಗ ಬಿಟ್ಟು ಮೇಲೆ ಕೆಳಗೆ ಹೋಗುವುದನ್ನಲ್ಲ. ಗ್ಯಾರೆಟ್ ಬ್ರೌನ್ ರೂಪಿಸಿದ, 1976ರ ‘ಬೌಂಡ್ ಫಾರ್ ಗ್ಲೋರಿ’ ಚಿತ್ರದಲ್ಲಿ ಬಳಕೆಯಾದ ಸ್ಟೆಡಿಕ್ಯಾಮಿನಲ್ಲಿ ಸ್ಪ್ರಿಂಗುಗಳ ಒಂದು ತೋಳು ಇರುವುದೇ ದೇಹದ ಆ ಏರಿಳಿತವನ್ನು ನುಂಗಲಿಕ್ಕೆ. ಫೋನಿನೊಳಗಿನ ಸ್ಟೆಬಿಲೈಸೇಶನ್ ಕೂಡ ಗೈರೊಸ್ಕೋಪನ್ನು ನೆಚ್ಚಿಕೊಂಡದ್ದು, ಗೈರೊಸ್ಕೋಪಿಗೆ ತಿಳಿಯುವುದು ತಿರುಗಿದ್ದು ಮಾತ್ರ. ಅದೂ ಅಂಚು ಕತ್ತರಿಸಿಯೇ ಕೆಲಸ ಮಾಡುತ್ತದೆ. ಫೋಟೊದಿಂದ ವಿಡಿಯೊಗೆ ಬದಲಿಸಿದ ಕೂಡಲೇ ದೃಶ್ಯ ಹತ್ತಿರ ಬಂದಂತಾಗುವುದಕ್ಕೆ ಇದೂ ಒಂದು ಕಾರಣ.

ನಡುಮನೆಯೊಳಗಿನ ಭಾಗದಲ್ಲಿ ಮಾತ್ರ ಬೇರೊಂದು ತೊಡಕು ಕಾಣುತ್ತದೆ. ಅಲ್ಲಿ ಕತ್ತಲು, ಹಾಗಾಗಿ ಫೋನು ಶಟರನ್ನು ಸೆಕೆಂಡಿನ ಮೂವತ್ತನೇ ಒಂದು ಪಾಲಿನಷ್ಟು ಹೊತ್ತು ತೆರೆದಿಟ್ಟಿದೆ. ಅಷ್ಟರಲ್ಲಿ ಕೈ ಅಲುಗಿದರೆ ಆ ಫ್ರೇಮೇ ಮಸುಕಾಗುತ್ತದೆ. ಸಾಫ್ಟ್‌ವೇರ್ ಫ್ರೇಮನ್ನು ಸರಿಯಾದ ಜಾಗಕ್ಕೆ ತಂದು ಕೂರಿಸಬಹುದು, ಮಸುಕನ್ನು ಒರೆಸಲಾರದು. ಫಲವಾಗಿ ನಿಶ್ಚಲವಾದ ಚಿತ್ರವೊಂದು ಹೆಜ್ಜೆಗೊಮ್ಮೆ ಮಂಜಾಗಿ ಮತ್ತೆ ತಿಳಿಯಾಗುತ್ತದೆ. ಮೊದಲಾದರೆ ಅಲುಗಾಟದ ಮರೆಯಲ್ಲಿ ಈ ಮಸುಕು ಒಪ್ಪುತ್ತಿತ್ತು, ಈಗ ಎದ್ದು ಕಾಣುತ್ತದೆ. ಇಂಥ ಕಡೆ ಸ್ಟೆಬಿಲೈಸೇಶನ್ ತೆಗೆದುಹಾಕುವುದೇ ಮೇಲು. ಮತ್ತೆ ತೆಗೆಯುವ ಅವಕಾಶವಿದ್ದರೆ ಶಟರನ್ನು 1/100ಕ್ಕೆ ನಿಲ್ಲಿಸಿ, ಬಾಗಿಲು ಕಿಟಕಿ ತೆರೆದು ಬೆಳಕು ಬಿಟ್ಟುಕೊಳ್ಳಿ. ನಮ್ಮ ಕರೆಂಟು 50 ಹರ್ಟ್ಸ್‌ನದ್ದಾದ್ದರಿಂದ 1/100ರಲ್ಲಿ ಟ್ಯೂಬ್‌ಲೈಟು ಮಿನುಗಿದಂತೆ ಕಾಣುವುದಿಲ್ಲ.

ಜಗಲಿಯನ್ನೂ ಮತ್ತೊಮ್ಮೆ ತೆಗೆಯಬಹುದಾದರೆ 4ಕೆಯಲ್ಲಿ ತೆಗೆಯಿರಿ. 3840 ಪಿಕ್ಸೆಲ್ ಅಗಲದ ಚಿತ್ರವನ್ನು ಶೇ 126ಕ್ಕೆ ಹಿಗ್ಗಿಸಿದರೂ ಮೂರು ಸಾವಿರಕ್ಕೂ ಹೆಚ್ಚು ಪಿಕ್ಸೆಲ್ ಉಳಿಯುವುದರಿಂದ, 1920ರ ವಿಡಿಯೊದಲ್ಲಿ ಚಿತ್ರದ ಚುರುಕು ತಗ್ಗುವುದಿಲ್ಲ. ದೃಶ್ಯದ ಅಂಚಂತೂ ಹೋಗಿಯೇ ಹೋಗುತ್ತದೆ, ಆದ್ದರಿಂದ ತಲೆಯ ಮೇಲೂ ಪಕ್ಕದಲ್ಲೂ ಜಾಗ ಬಿಟ್ಟೇ ತೆಗೆಯಬೇಕು. ಕಂಬಗಳ ಪಕ್ಕ ನಡೆಯುವ ಬದಲು ಜಗಲಿಯ ಒಳಗೋಡೆಗೆ ಒತ್ತಿಕೊಂಡು ನಡೆಯಿರಿ. ಕಂಬ ಎರಡು ಮೀಟರ್ ದೂರವಾದರೆ ಅದೇ 3 ಸೆಂಟಿಮೀಟರ್ ಓಲಾಟಕ್ಕೆ ಅದು ಜರುಗುವುದು 20 ಪಿಕ್ಸೆಲ್ ಚಿಲ್ಲರೆ. ಕಂಬಕ್ಕೂ ಎದುರು ಗೋಡೆಗೂ ಇದ್ದ 36 ಪಿಕ್ಸೆಲ್ ವ್ಯತ್ಯಾಸ 16ಕ್ಕೆ ಇಳಿಯುತ್ತದೆ, ಸಾಫ್ಟ್‌ವೇರಿಗೆ ಬಾಗಿಸುವ ಕೆಲಸ ಅಷ್ಟು ಕಡಿಮೆಯಾಗುತ್ತದೆ.