ಒಂದು ರೂಪಾಯಿ ಎಲ್ಲಿಂದ ಬಂತು?

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಅಡಿಕೆ ವಖಾರಿಯ ಸಂಬಳಚೀಟಿಯೊಂದನ್ನು ಊಹಿಸಿಕೊಳ್ಳಿ. ಮೂಲವೇತನ 9,000, ತುಟ್ಟಿಭತ್ಯೆ 3,800, ಮನೆಬಾಡಿಗೆ ಭತ್ಯೆ 1,200 ರೂಪಾಯಿ. 26 ದಿನದಲ್ಲಿ ಹಾಜರಿ 23. ಲೆಕ್ಕ ಹಾಕಿದರೆ ಮೂರೂ ಬಾಬ್ತಿನ ಕೊನೆಯಲ್ಲಿ 54 ಪೈಸೆ. ಒಂದೊಂದನ್ನೂ ರೌಂಡ್ ಮಾಡಿ ಕೂಡಿದರೆ 12,386. ಪೈಸೆ ಇಟ್ಟುಕೊಂಡು ಮೊತ್ತವನ್ನಷ್ಟೇ ರೌಂಡ್ ಮಾಡಿದರೆ 12,385. ಪಿಎಫ್ 1,359, ಇಎಸ್‌ಐ 93 ಎರಡರಲ್ಲೂ ಅಷ್ಟೇ. ಕೈಗೆ ಸಿಗುವುದು ಮಾತ್ರ 10,934 ಅಥವಾ 10,933.

ಒಂದು ರೂಪಾಯಿ ತಾನೇ, ಇನ್ನೊಂದು ತಿಂಗಳು ಸರಿಹೋಗುತ್ತದೆ ಎನ್ನಬಹುದು. ಬಾಬ್ತುಗಳಲ್ಲಿ, ಪಿಎಫ್‌ನಲ್ಲಿ ಹೌದು: 50 ಪೈಸೆಯಿಂದ ಮೇಲಕ್ಕೆ, ಕಡಿಮೆಯಾದರೆ ಕೆಳಕ್ಕೆ. ಇಎಸ್‌ಐನಲ್ಲಿ ಇಲ್ಲ, ನೌಕರನ ಪಾಲು ಯಾವಾಗಲೂ ಮುಂದಿನ ರೂಪಾಯಿಗೇ ಏರುತ್ತದೆ. ನನಗೆ ಬಾಬ್ತುವಾರು ರೌಂಡ್ ಮಾಡುವುದೇ ಮೇಲೆನಿಸುತ್ತದೆ, ಏಕೆಂದರೆ ಚೀಟಿಯಲ್ಲಿನ 7,962, 3,362, 1,062ನ್ನು ನೌಕರ ತಾನೇ ಕೂಡಿ ನೋಡಬಹುದು.