‘ಮೆಟ್ರೋಗೆ ಐದೇ ನಿಮಿಷ’ ಎನ್ನದ ಏಜೆಂಟ್

ಮೈಸೂರು ರಸ್ತೆಯಿಂದ ಕಮಾನು ದಾಟಿ ರಾಜರಾಜೇಶ್ವರಿ ನಗರದ ಒಳಗೆ ಹೋದರೆ ಮನೆ ಮಾರಾಟದ ಜಾಹೀರಾತುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಸಿಗುತ್ತದೆ: ‘ಮೆಟ್ರೋಗೆ ಐದೇ ನಿಮಿಷ.’ 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗ ಕೆಂಗೇರಿವರೆಗೆ ಬಂತು, ರಾಜರಾಜೇಶ್ವರಿ ನಗರದ ಹೆಸರಿನಲ್ಲೇ ಒಂದು ನಿಲ್ದಾಣವೂ ಆಯಿತು. ಆದರೆ ಆ ನಿಲ್ದಾಣ ಇರುವುದು ಮೈಸೂರು ರಸ್ತೆಯ ಮೇಲೆ. ಬಿಇಎಂಎಲ್ ಬಡಾವಣೆಯ ಒಳಗಿನ ಅಡ್ಡರಸ್ತೆಯಿಂದ ಸಂಜೆ ಆರಕ್ಕೆ ಹೊರಟವರಿಗೆ ಕಮಾನಿನ ಹತ್ತಿರ ಬರುವಷ್ಟರಲ್ಲೇ ಐದು ನಿಮಿಷ ಎಂದೋ ಮುಗಿದಿರುತ್ತದೆ. ಮನೆ ಕೊಂಡವನಿಗೆ ಇದು ಮೊದಲ ವಾರದಲ್ಲೇ ತಿಳಿಯುತ್ತದೆ. ಆ ಏಜೆಂಟ್ ಹೇಳಿದ ಉಳಿದ ಮಾತುಗಳ ಮೇಲೂ ಅವನಿಗೆ ಅಂದೇ ಅನುಮಾನ ಶುರುವಾಗುತ್ತದೆ.

ಈಗ ಏಜೆಂಟರ ಪರಿಚಯ ಗಿರಾಕಿಗೆ ಸಿಗುವುದು ಹೆಚ್ಚಾಗಿ ಒಂದು ಪುಟದ ಬರಹದಿಂದ. ಫೋಟೊ, ಅನುಭವದ ವರ್ಷ, ಮಾಡಿಸಿದ ವ್ಯವಹಾರಗಳ ಸಂಖ್ಯೆ, ಒಂದೆರಡು ಹೊಗಳಿಕೆ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ, ಕಚೇರಿಯ ಗೋಡೆಗೂ ಅಂಟಿಸುತ್ತಾರೆ. ಜೀವಮಾನದ ಉಳಿತಾಯ ಕೈಯಲ್ಲಿ ಹಿಡಿದು ಬಂದವರು ಮೊದಲು ಓದುವುದು ಇದನ್ನೇ. ಹಾಗಾಗಿ ಇದರ ಪ್ರತಿ ವಾಕ್ಯವೂ ಪರೀಕ್ಷೆಗೆ ಸಿಗುವಂತಿರಬೇಕು.

ರಾಜರಾಜೇಶ್ವರಿ ನಗರದಲ್ಲೇ ಕೆಲಸ ಮಾಡುವ ಒಬ್ಬ ಏಜೆಂಟರನ್ನು ಊಹಿಸಿಕೊಳ್ಳೋಣ. ಅವರ ಹಳೆಯ ಪುಟದಲ್ಲಿ ‘ಪಶ್ಚಿಮ ಬೆಂಗಳೂರಿನ ನಂಬರ್ ಒನ್, 500ಕ್ಕೂ ಹೆಚ್ಚು ಸಂತೃಪ್ತ ಕುಟುಂಬಗಳು, ನೂರಕ್ಕೆ ನೂರು ಕ್ಲಿಯರ್ ಟೈಟಲ್’ ಎಂದಿದೆ. ಇದನ್ನು ಅವರು ಹೊಸದಾಗಿ ಬರೆಯಲು ಕುಳಿತಿದ್ದಾರೆ.

ಮೊದಲು ಏರಿಯಾದ ಮಾತು. ‘ಪಶ್ಚಿಮ ಬೆಂಗಳೂರು’ ಎಂದರೆ ಓದುಗನಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು ‘ಬಿಇಎಂಎಲ್ ಬಡಾವಣೆ, ಐಡಿಯಲ್ ಹೋಮ್ಸ್, ಚನ್ನಸಂದ್ರದ ಸುತ್ತಮುತ್ತ ಮಾತ್ರ ಕೆಲಸ ಮಾಡುತ್ತೇನೆ’ ಎಂದರೆ ಸಾಕು, ಅದೇ ಒಂದು ವಿಷಯ. ಇದಕ್ಕಿಂತ ಮುಖ್ಯವಾದದ್ದು ಆ ರಸ್ತೆಗಳ ಬಗ್ಗೆ ಅವರಿಗೆ ಏನು ಗೊತ್ತು ಎಂಬುದು. ಈ ಭಾಗ 2007ರಲ್ಲಿ ಬಿಬಿಎಂಪಿಗೆ ಸೇರಿತು. ಅದಕ್ಕೂ ಮೊದಲು ಇಲ್ಲಿ ಸೊಸೈಟಿಗಳು ಮಾಡಿದ ಬಡಾವಣೆಗಳಿದ್ದವು, ಅವುಗಳ ಪಕ್ಕದಲ್ಲೇ ಊರಿನ ಹಳೆಯ ಜಮೀನೂ ಇತ್ತು. ಹಾಗಾಗಿ ಅಕ್ಕಪಕ್ಕದ ಎರಡು ಸೈಟುಗಳಲ್ಲಿ ಒಂದಕ್ಕೆ ಎ ಖಾತೆ, ಇನ್ನೊಂದಕ್ಕೆ ಬಿ ಖಾತೆ ಇರಬಹುದು. ಬಿ ಖಾತೆಯ ಸೈಟಿಗೆ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ ನಿಜ, ಆದರೆ ಅದಕ್ಕೆ ಸಾಲ ಕೊಡಲು ಎಷ್ಟೋ ಬ್ಯಾಂಕುಗಳು ಹಿಂಜರಿಯುತ್ತವೆ. ಯಾವ ಅಡ್ಡರಸ್ತೆಗೆ ಕಾವೇರಿ ನೀರು ಬರುತ್ತದೆ, ಎಲ್ಲಿ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕು, ಯಾವ ತಿರುವಿನಲ್ಲಿ ಮಳೆನೀರು ನಿಲ್ಲುತ್ತದೆ ಎಂಬುದು ಅಲ್ಲೇ ಓಡಾಡಿದವನಿಗೆ ಮಾತ್ರ ಗೊತ್ತು. ಹೊಸ ಪುಟದಲ್ಲಿ ‘ಸ್ಥಳ ತೋರಿಸುವ ಮೊದಲೇ ಖಾತೆ ಯಾವುದು, ನೀರಿನ ಮೂಲ ಯಾವುದು ಎಂದು ತಿಳಿಸುತ್ತೇನೆ’ ಎಂದು ಬರೆದರೆ ಆ ತಿಳಿವಳಿಕೆ ಗಿರಾಕಿಯ ಉಪಯೋಗಕ್ಕೆ ಬರುತ್ತದೆ. ‘ಬಿ ಖಾತೆ ಇದ್ದರೂ ಎ ಮಾಡಿಸಿಕೊಡುತ್ತೇನೆ’ ಎಂದು ಮಾತ್ರ ಬರೆಯಬಾರದು. ಆ ತೀರ್ಮಾನ ಏಜೆಂಟರ ಕೈಯಲ್ಲಿಲ್ಲ.

ಇನ್ನು ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ.

‘500 ಕುಟುಂಬ’ ಎಂದರೆ ಏನು? ಬಾಡಿಗೆಗೆ ಮನೆ ಹುಡುಕಿಕೊಟ್ಟದ್ದೂ ಸೇರಿದೆಯೇ? ಟೋಕನ್ ಕೊಟ್ಟು ಆಮೇಲೆ ಬಿಟ್ಟುಹೋದವರು? ಇನ್ನೊಬ್ಬ ಬ್ರೋಕರ್ ಜೊತೆ ಸೇರಿ ಮಾಡಿಸಿದ ಮಾರಾಟ, ಇಬ್ಬರ ಪುಟದಲ್ಲೂ ಒಂದೊಂದಾಗಿ ಎಣಿಕೆಯಾಗಿದೆಯೇ? ಗೆರೆ ಎಳೆಯಲು ಸರಿಯಾದ ಜಾಗ ಸಬ್ ರಿಜಿಸ್ಟ್ರಾರ್ ಕಚೇರಿ. ಕ್ರಯಪತ್ರ ನೋಂದಣಿಯಾದರೆ ಮಾತ್ರ ಅದು ಮಾರಾಟ. ಬಾಡಿಗೆಯ ಲೆಕ್ಕ ಬೇರೆ ಇಡಬೇಕು, ಜಂಟಿಯಾಗಿ ಮಾಡಿಸಿದ್ದನ್ನು ಜಂಟಿ ಎಂದೇ ಬರೆಯಬೇಕು, ಯಾವ ವರ್ಷದ ಲೆಕ್ಕ ಎಂದೂ ಹೇಳಬೇಕು.

ನಮ್ಮ ಏಜೆಂಟ್ ಹೀಗೆ ಎಣಿಸಿದಾಗ ಒಂದು ವರ್ಷದಲ್ಲಿ 14 ಮಾರಾಟ ಸಿಕ್ಕವು ಎಂದಿಟ್ಟುಕೊಳ್ಳೋಣ. ಅದರಲ್ಲಿ 11 ಫ್ಲ್ಯಾಟು, ಒಂದೊಂದು ಸುಮಾರು 60 ಲಕ್ಷದ್ದು. 3 ಸ್ವತಂತ್ರ ಮನೆ, ಒಂದೊಂದು 2 ಕೋಟಿಯದ್ದು. ಎಲ್ಲ ಸೇರಿ 12.6 ಕೋಟಿ. ‘12.6 ಕೋಟಿ ವಹಿವಾಟು’ ಎಂದು ದೊಡ್ಡಕ್ಷರದಲ್ಲಿ ಹಾಕಲು ಮನಸ್ಸಾಗುತ್ತದೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮೊತ್ತದ ಅರ್ಧದಷ್ಟು ಬಂದಿರುವುದು ಬರೀ ಮೂರು ಮನೆಗಳಿಂದ. ಸರಾಸರಿ ತೆಗೆದರೆ 90 ಲಕ್ಷ, ಆ ಬೆಲೆಗೆ ಇವರ ಮೂಲಕ ಯಾರೂ ಏನನ್ನೂ ಕೊಂಡಿಲ್ಲ! 60 ಲಕ್ಷದ ಫ್ಲ್ಯಾಟು ಹುಡುಕುವ ದಂಪತಿಗೆ ಬೇಕಾದದ್ದು ‘ಈ ಬೆಲೆಯ ಫ್ಲ್ಯಾಟು ವರ್ಷಕ್ಕೆ 11 ಮಾರಿಸಿದ್ದೇನೆ’ ಎಂಬ ಒಂದು ಸಾಲು. ಅದು ಸಣ್ಣ ಸಂಖ್ಯೆಯಾದರೂ ಅವರ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಕೈಗೂಡದ ವ್ಯವಹಾರಗಳನ್ನೂ ಬರೆಯಬೇಕೇ? ಬರೆಯಬೇಕು. ಒಂದು ಉದಾಹರಣೆ ನೋಡಿ. ಫ್ಲ್ಯಾಟಿಗೆ ಬೆಲೆ ಕುದುರಿದೆ, ಅಡ್ವಾನ್ಸ್ ಕೊಡಲು ದಿನ ಗೊತ್ತಾಗಿದೆ. ಏಜೆಂಟ್ ಕಾವೇರಿ ತಂತ್ರಾಂಶದಲ್ಲಿ ಇಸಿ ತೆಗೆಸಿದಾಗ ಹತ್ತು ವರ್ಷ ಹಳೆಯ ಒಂದು ನಮೂದು ಸಿಗುತ್ತದೆ. ಮಾಲೀಕರು ಹಕ್ಕುಪತ್ರ ಅಡವಿಟ್ಟು ಬ್ಯಾಂಕಿನಿಂದ ಸಾಲ ಪಡೆದಿದ್ದರು. ‘ಅದೆಲ್ಲ ತೀರಿಸಿಯಾಗಿದೆ’ ಎನ್ನುತ್ತಾರೆ ಮಾಲೀಕರು. ಬ್ಯಾಂಕು ಕೊಟ್ಟ ‘ಬಾಕಿ ಇಲ್ಲ’ ಎಂಬ ಪತ್ರವನ್ನೂ ತೋರಿಸುತ್ತಾರೆ. ಆದರೆ ಋಣ ತೀರಿದ್ದಕ್ಕೆ ನೋಂದಣಿ ಮಾಡಿಸಿಲ್ಲ. ಇಸಿಯ ಪ್ರಕಾರ ಆ ಫ್ಲ್ಯಾಟು ಇನ್ನೂ ಅಡಮಾನದಲ್ಲೇ ಇದೆ, ಕೊಳ್ಳುವವರ ಬ್ಯಾಂಕು ಇದನ್ನು ಒಪ್ಪುವುದು ಕಷ್ಟ. ಮಾಲೀಕರು ಬ್ಯಾಂಕಿನವರಿಂದ ಆ ನೋಂದಣಿ ಮಾಡಿಸಿದ ಮೇಲೆಯೇ ಅಡ್ವಾನ್ಸ್ ಕೊಡಿ ಎಂದು ಏಜೆಂಟ್ ಹೇಳಿದರು. ಮಾಲೀಕರಿಗೆ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ, ವ್ಯವಹಾರ ಮುರಿಯಿತು, ಕಮಿಷನ್ ಹೋಯಿತು. ಪುಟದಲ್ಲಿ ಇದು ಯಾರ ಹೆಸರೂ ಇಲ್ಲದೆ ಒಂದೇ ಸಾಲಾಗುತ್ತದೆ: ‘ಕಳೆದ ವರ್ಷ ದಾಖಲೆ ಸರಿಯಿಲ್ಲವೆಂದು ಅಡ್ವಾನ್ಸ್‌ಗೆ ಮೊದಲೇ ನಿಲ್ಲಿಸಿದ ವ್ಯವಹಾರ: 1.’ ಹತ್ತು ಹೊಗಳಿಕೆಯ ಮಾತುಗಳಿಗಿಂತ ಈ ಸಾಲಿಗೆ ತೂಕ ಹೆಚ್ಚು.

‘ಕ್ಲಿಯರ್ ಟೈಟಲ್’ ಎಂಬ ಮಾತನ್ನಂತೂ ತೆಗೆದೇಬಿಡಬೇಕು. ಹಕ್ಕು ಸರಿಯಿದೆಯೇ ಎಂದು ಹೇಳಬೇಕಾದವರು ಮೂಲಪತ್ರಗಳನ್ನು ಓದಿದ ವಕೀಲರು. ಏಜೆಂಟ್ ಹೇಳಬಹುದಾದದ್ದು ಇಷ್ಟು: ‘ಮೂಲಪತ್ರ, ಇಸಿ, ಇ-ಖಾತೆ, ತೆರಿಗೆ ರಸೀದಿಯ ಪ್ರತಿ ಒದಗಿಸುತ್ತೇನೆ. ನಿಮ್ಮದೇ ವಕೀಲರಿಗೆ ತೋರಿಸಿ.’ ‘ಎರಡು ವರ್ಷದಲ್ಲಿ ಬೆಲೆ ಡಬಲ್’ ಎಂಬ ಭರವಸೆಗೂ ಇದೇ ಗತಿ. ಹಿಂದೆ ನೋಂದಣಿಯಾದ ಬೆಲೆಗಳನ್ನು ತೋರಿಸಬಹುದು, ಮುಂದಿನದ್ದನ್ನು ಯಾರೂ ಬರೆದುಕೊಡಲಾರರು.

ಕಾನೂನೂ ಇದನ್ನೇ ಹೇಳುತ್ತದೆ. 2016ರ ರೇರಾ ಕಾಯ್ದೆಯ ಪ್ರಕಾರ, ನೋಂದಾಯಿತ ಹೊಸ ಯೋಜನೆಗಳ ಫ್ಲ್ಯಾಟು, ಸೈಟು ಮಾರಿಸುವ ಏಜೆಂಟ್ ತಾನೂ ನೋಂದಣಿ ಮಾಡಿಸಿರಬೇಕು, ಲೆಕ್ಕಪತ್ರ ಇಡಬೇಕು. ತನ್ನ ಸೇವೆಯ ಬಗ್ಗೆ ತಪ್ಪು ತಿಳಿವಳಿಕೆ ಕೊಡುವುದು, ಬಿಲ್ಡರಿಗೆ ಇಲ್ಲದ ಅನುಮತಿಯನ್ನು ಇದೆ ಎನ್ನುವುದು ಅದರ 10ನೇ ಕಲಮಿನಲ್ಲಿ ನಿಷಿದ್ಧ. ನೋಂದಣಿ ಸಂಖ್ಯೆಯನ್ನು ಪುಟದಲ್ಲಿ ಹಾಕಿದರೆ ಯಾರು ಬೇಕಾದರೂ rera.karnataka.gov.in ತಾಣದಲ್ಲಿ ಹುಡುಕಿ ನೋಡಬಹುದು. ಆದರೆ ‘ರೇರಾ ಮೆಚ್ಚಿದ ಏಜೆಂಟ್’ ಎಂದು ಬರೆದರೆ ಅದೂ ಅತಿಯೇ. ನೋಂದಣಿ ಎಂದರೆ ಪಟ್ಟಿಯಲ್ಲಿ ಹೆಸರಿದೆ ಎಂದಷ್ಟೇ ಅರ್ಥ.

ಕೊನೆಗೆ ಉಳಿಯುವುದು ಕಮಿಷನ್, ಎಲ್ಲರೂ ಬರೆಯಲು ಸಂಕೋಚಪಡುವ ವಿಷಯ. ಬೆಂಗಳೂರಿನಲ್ಲಿ ಮಾರಾಟಕ್ಕೆ ಸಾಮಾನ್ಯವಾಗಿ ನೂರಕ್ಕೆ ಒಂದೋ ಎರಡೋ ಕೇಳುತ್ತಾರೆ. 60 ಲಕ್ಷದ ಫ್ಲ್ಯಾಟಿಗೆ ನೂರಕ್ಕೆ ಒಂದರಂತೆ 60,000 ರೂಪಾಯಿ. ಅದನ್ನು ಕೊಳ್ಳುವವರು ಕೊಡಬೇಕೋ, ಮಾರುವವರೋ, ಇಬ್ಬರೂ ಕೊಡಬೇಕೋ, ಅಗ್ರಿಮೆಂಟಿನ ದಿನವೋ ನೋಂದಣಿಯ ದಿನವೋ ಎಂಬುದು ಪುಟದಲ್ಲಿ ಇರಬೇಕು. ಮುಖ್ಯವಾಗಿ, ಒಂದೇ ವ್ಯವಹಾರದಲ್ಲಿ ಎರಡೂ ಕಡೆಯಿಂದ ಹಣ ಪಡೆಯುವುದಿದ್ದರೆ ಅದನ್ನು ಮೊದಲೇ ತಿಳಿಸಬೇಕು. ಬೆಲೆ ಇಳಿಸಿಕೊಡಿ ಎಂದು ಕೇಳುವ ಗಿರಾಕಿಗೆ, ತನ್ನ ಪರ ಮಾತಾಡುತ್ತಿರುವವರು ಇನ್ನೊಂದು ಕಡೆಯಿಂದಲೂ ಹಣ ಪಡೆಯುತ್ತಿದ್ದಾರೆಯೇ ಎಂದು ಕೇಳುವ ಹಕ್ಕಿದೆ.

ಹೀಗೆ ತಿದ್ದಿದ ಪುಟದಲ್ಲಿ ಮೆಟ್ರೋ ಕೂಡ ಇದೆ. ‘ನಿಲ್ದಾಣ ಮೈಸೂರು ರಸ್ತೆಯಲ್ಲಿದೆ. ಕೊಳ್ಳುವ ಮೊದಲು ಕೆಲಸದ ದಿನ ಸಂಜೆ ಆರಕ್ಕೆ ಮನೆಯಿಂದ ಅಲ್ಲಿಯವರೆಗೆ ನನ್ನ ಜೊತೆ ಒಮ್ಮೆ ಬಂದು ನೋಡಿ.’