ಡಲ್ಲಾಸ್‌ಗೆ ಶೇಂಗಾ ಚಟ್ನಿಪುಡಿ ಮಾರೋದು ಹೇಗೆ?

ಡಲ್ಲಾಸ್‌ನಲ್ಲಿರೋ ಧಾರವಾಡದವರಿಗೆ
ಶೇಂಗಾ ಚಟ್ನಿಪುಡಿ ಮಾರಬೇಕು.
ಜಾಹೀರಾತಿನ ಮೊದಲ ಸಾಲು ಏನಿರಬೇಕು?

‘ಅಮ್ಮನ ಕೈರುಚಿ’ ಅಂತ ಬರೀಬೇಡಿ.
ಹಪ್ಪಳದವರೂ ಅದನ್ನೇ ಹೇಳ್ತಾರೆ,
ಉಪ್ಪಿನಕಾಯಿಯವರೂ ಅದನ್ನೇ ಹೇಳ್ತಾರೆ.
ಮೊದಲ ಸಾಲು ಒಗ್ಗರಣೆಯ ಸಾಸಿವೆ ಇದ್ದ ಹಾಗೆ,
ಬಿದ್ದ ಕೂಡಲೇ ಚಟಪಟ ಅನ್ನಬೇಕು.

ಹೀಗೆ ಶುರು ಮಾಡಿ:
‘ಶೇಂಗಾ ಎಣ್ಣಿ ಬಿಡೂತನಕ ಕುಟ್ಟೇವ್ರಿ.
ಬಿಸಿ ರೊಟ್ಟಿ, ಗಟ್ಟಿ ಮೊಸರಿನ ಜೋಡಿ ತಿನ್ರಿ.’
ಇದು ಧಾರವಾಡದ ಮಾತು.
ಇದನ್ನೇ ಮೈಸೂರು ಕನ್ನಡದಲ್ಲಿ ಹೇಳಿದ್ರೆ
ಅವರಿಗೆ ಅವರ ಮನೆ ನೆನಪಾಗಲ್ಲ.

ಬಾಯಲ್ಲಿ ನೀರು ಬಂದ ಮೇಲೆ
ತಲೆಯಲ್ಲಿ ಅನುಮಾನ ಬರುತ್ತೆ.
ಎಷ್ಟು ದಿನಕ್ಕೆ ತಲುಪುತ್ತೆ?
ಒಟ್ಟು ಎಷ್ಟಾಗುತ್ತೆ?
ಕೊರಿಯರ್ ಸೇರಿಸಿದ ಬೆಲೆಯನ್ನ ಡಾಲರ್‌ನಲ್ಲೇ ಹೇಳಿ.
ಆ ಖರ್ಚು ದುಡ್ಡು ಕಟ್ಟೋವಾಗ ಕಂಡ್ರೆ,
ಅಲ್ಲಿಗೇ ಬಿಟ್ಟು ಹೋಗ್ತಾರೆ.

ಹಾಂ, ಜೊತೆಗೆ ಹಸಿ ಕರಿಬೇವು ಕಳಿಸ್ತೀವಿ ಅಂತ
ಮಾತು ಕೊಡಬೇಡಿ.
ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡೋ ಕೀಟ
ಅದರಲ್ಲಿ ಬರಬಹುದು ಅಂತ
ಅಮೆರಿಕ ಅದನ್ನ ಒಳಗೆ ಬಿಡಲ್ಲ.

ಕೊನೆಗೆ ‘ಇಂದೇ ಆರ್ಡರ್ ಮಾಡಿ’ ಬೇಡ.
‘ದಸರಾಕ್ಕ ಮುಟ್ಟಬೇಕಂದ್ರ ಈ ತಾರೀಖಿನೊಳಗ ಹೇಳ್ರಿ’ ಅನ್ನಿ,
ತಾರೀಖನ್ನ ದೊಡ್ಡದಾಗಿ ಹಾಕಿ.